ಕುಡುಗೋಲಿನ ಗೀರಿಗೆ ಕೋರ್ಟು, ಮುರಿದ ಹಲ್ಲಿಗೆ ಠಾಣೆ

‘ಆರೋಪಿಗಳ ವಿರುದ್ಧ ಜಾಮೀನುರಹಿತ ಸೆಕ್ಷನ್‌ಗಳ ಅಡಿ ಪ್ರಕರಣ ದಾಖಲಾಗಿದೆ’ ಎಂಬ ಸಾಲು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಕಾಣುತ್ತದೆ. ಓದಿದವರು ಆ ಮನುಷ್ಯ ಇನ್ನು ಒಳಗೇ ಎಂದುಕೊಳ್ಳುತ್ತಾರೆ. ಕೆಲವು ದಿನ ಕಳೆದು ಅದೇ ಮನುಷ್ಯ ಬಸ್ ನಿಲ್ದಾಣದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತಿರುವುದು ಕಣ್ಣಿಗೆ ಬಿದ್ದರೆ, ‘ದುಡ್ಡಿದ್ದರೆ ಏನು ಬೇಕಾದರೂ ಆಗುತ್ತೆ ಬಿಡಿ’ ಎಂಬ ಮಾತು ಬರುತ್ತದೆ. ದುಡ್ಡು ಕೆಲಸ ಮಾಡಿರಬಹುದು, ಮಾಡದೆಯೂ ಇರಬಹುದು. ಆದರೆ ಆತ ಹೊರಗೆ ಬಂದಿದ್ದಾನೆ ಎಂಬ ಒಂದೇ ಕಾರಣಕ್ಕೆ ಹಾಗೆಂದುಕೊಳ್ಳಬೇಕಿಲ್ಲ. ಜಾಮೀನುರಹಿತ ಎಂದರೆ ಜಾಮೀನು ಸಿಗುವುದೇ ಇಲ್ಲ ಎಂದು ಕಾನೂನಿನಲ್ಲಿ ಎಲ್ಲೂ ಹೇಳಿಲ್ಲ.

ಕಾನೂನು ಹೇಳುವುದು ಬಹಳ ಸಣ್ಣ ಮಾತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ ಕೊನೆಯಲ್ಲಿ ಉದ್ದನೆಯದೊಂದು ಕೋಷ್ಟಕವಿದೆ, ಮೊದಲನೆಯ ಅನುಸೂಚಿ ಎಂದು ಅದರ ಹೆಸರು. ಭಾರತೀಯ ನ್ಯಾಯ ಸಂಹಿತೆಯ, ಅಂದರೆ ಹಳೆಯ ಐಪಿಸಿಯ ಬದಲಿಗೆ ಬಂದ ಬಿಎನ್‌ಎಸ್‌ನ, ಒಂದೊಂದು ಅಪರಾಧಕ್ಕೂ ಅಲ್ಲಿ ಒಂದೊಂದು ಸಾಲು. ಶಿಕ್ಷೆ ಎಷ್ಟು, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದೇ, ಜಾಮೀನು ಹಕ್ಕಾಗಿ ಸಿಗುತ್ತದೆಯೇ, ಯಾವ ಕೋರ್ಟು ವಿಚಾರಣೆ ಮಾಡಬೇಕು ಎಂಬುದನ್ನು ಆ ಸಾಲಿನ ಬೇರೆ ಬೇರೆ ಕಾಲಮ್ಮುಗಳು ಹೇಳುತ್ತವೆ. ಐದನೆಯ ಕಾಲಮ್ಮಿನಲ್ಲಿ ‘ಜಾಮೀನೀಯ’ ಎಂದು ಬರೆದಿದ್ದರೆ ಅದು ಜಾಮೀನೀಯ ಅಪರಾಧ. ಬೇರೆ ಯಾವುದಾದರೂ ಕಾನೂನು ಹಾಗೆ ಹೇಳಿದ್ದರೂ ಸರಿ. ಉಳಿದದ್ದೆಲ್ಲ ಜಾಮೀನುರಹಿತ. ವ್ಯಾಖ್ಯೆ ಅಷ್ಟೇ. ಕ್ರೂರವಾದದ್ದು, ನೀಚವಾದದ್ದು, ಸಮಾಜಕ್ಕೆ ಅಪಾಯಕಾರಿ ಎಂಬ ಯಾವ ವಿಶೇಷಣವೂ ಅದರಲ್ಲಿಲ್ಲ.

ಹಾಗಾಗಿ ಆ ಕಾಲಮ್ಮು ಕೆಲವೊಮ್ಮೆ ನಮ್ಮ ಲೆಕ್ಕಕ್ಕೆ ಹೊಂದುವುದಿಲ್ಲ. ಅಜಾಗರೂಕತೆಯಿಂದ ವಾಹನ ಓಡಿಸಿ ಒಬ್ಬನ ಸಾವಿಗೆ ಕಾರಣವಾದರೆ ಬಿಎನ್‌ಎಸ್ 106(1)ರ ಪ್ರಕಾರ ಐದು ವರ್ಷದವರೆಗೆ ಶಿಕ್ಷೆ, ಆದರೆ ಅಪರಾಧ ಜಾಮೀನೀಯ. ಇಪ್ಪತ್ತು ಸಾವಿರದ ಫೋನು ಕದ್ದರೆ 303(2)ರ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆ, ಅದು ಜಾಮೀನುರಹಿತ. ಜೀವ ಹೋದ ಕೇಸಿನಲ್ಲಿ ಚಾಲಕ ಅಂದೇ ಸಂಜೆ ಮನೆಗೆ ಹೋದ, ಫೋನು ಕದ್ದ ಹುಡುಗ ಜೈಲಿಗೆ ಹೋದ ಎಂದು ಜನ ಸಿಟ್ಟಾಗುತ್ತಾರೆ. ಸಿಟ್ಟಿಗೆ ಅರ್ಥವಿದೆ. ಆದರೆ ಒಂದರಲ್ಲಿ ಉದ್ದೇಶವಿರಲಿಲ್ಲ, ಇನ್ನೊಂದರಲ್ಲಿ ಇತ್ತು ಎಂಬುದನ್ನು ಶಾಸನ ಗಣನೆಗೆ ತೆಗೆದುಕೊಂಡಿದೆ. ಎಲ್ಲ ಕಡೆ ಅದು ಇಷ್ಟು ಅಚ್ಚುಕಟ್ಟಾಗಿ ನಡೆದುಕೊಂಡಿದೆ ಎಂದು ಮಾತ್ರ ನಾನು ವಾದಿಸಲಾರೆ. ಮುಂದಿನ ಉದಾಹರಣೆಯನ್ನೇ ನೋಡಿ.

ಇದು ಕಲ್ಪಿತ ಪ್ರಕರಣ. ಆದರೆ ಹಳ್ಳಿಗಾಡಿನ ಯಾವ ಠಾಣೆಯ ಪಿಎಸ್‌ಐ ಕೇಳಿದರೂ ಇಂಥದ್ದು ನಮ್ಮಲ್ಲೂ ಆಗಿದೆ ಎಂದಾರು. ಇಬ್ಬರು ದಾಯಾದಿಗಳು, ನಡುವೆ ಒಂದು ಬದು. ಬದು ಒತ್ತಿ ಉತ್ತಿದ್ದಾನೆ ಎಂದು ದೊಡ್ಡಪ್ಪನ ಮಗ ಜಗಳ ತೆಗೆದ. ಮೊದಲು ಬೈಗುಳ, ಆಮೇಲೆ ದಾರಿಗೆ ಅಡ್ಡ ನಿಲ್ಲುವುದು, ಆಮೇಲೆ ‘ನಿನ್ನನ್ನು ನೋಡಿಕೊಳ್ತೀನಿ’ ಎಂಬ ಬೆದರಿಕೆ. ಹುಲ್ಲು ಕೊಯ್ಯುತ್ತಿದ್ದ ಚಿಕ್ಕಪ್ಪನ ಮಗ ಕೈಯಲ್ಲಿದ್ದ ಕುಡುಗೋಲನ್ನೇ ಬೀಸಿದ. ಅಣ್ಣನ ಮುಂಗೈಗೆ ಗೀರಿ ರಕ್ತ ಬಂತು, ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಬಿತ್ತು. ಅಣ್ಣನೇನೂ ಸುಮ್ಮನೆ ನಿಲ್ಲಲಿಲ್ಲ. ಮುಷ್ಟಿ ಕಟ್ಟಿ ಗುದ್ದಿದ ಏಟಿಗೆ ತಮ್ಮನ ಮುಂದಿನ ಒಂದು ಹಲ್ಲು ಮುರಿಯಿತು. ಇಬ್ಬರೂ ಠಾಣೆಗೆ ಬಂದರು. ದೂರು, ಪ್ರತಿದೂರು. ಎರಡು ಎಫ್‌ಐಆರ್.

ಅಣ್ಣ ಕೊಟ್ಟ ದೂರಿನಲ್ಲಿ ತಮ್ಮ ಆರೋಪಿ. ಅಲ್ಲಿ ಬೈದದ್ದಕ್ಕೆ 352, ಬೆದರಿಕೆಗೆ 351(2), ಜೊತೆಗೆ 118(1) ಸೇರುತ್ತವೆ. ಮೊದಲೆರಡೂ ಜಾಮೀನೀಯ. ಕೊನೆಯದು ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದು. ಇರಿಯುವ, ಕತ್ತರಿಸುವ ಸಾಧನದಿಂದ ಸಾದಾ ಗಾಯ ಮಾಡಿದರೂ ಈ ಕಲಂ ಬೀಳುತ್ತದೆ. ಶಿಕ್ಷೆ ಮೂರು ವರ್ಷದವರೆಗೆ, ಇಲ್ಲವೇ ಇಪ್ಪತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಅನುಸೂಚಿಯಲ್ಲಿ ಇದು ಜಾಮೀನುರಹಿತ. ಉಳಿದ ಕಲಂಗಳೆಲ್ಲ ಜಾಮೀನೀಯವಾಗಿದ್ದರೂ ಇದೊಂದರಿಂದಾಗಿ ಇಡೀ ಪ್ರಕರಣ ಸುದ್ದಿಯಲ್ಲಿ ‘ಜಾಮೀನುರಹಿತ’ ಆಗುತ್ತದೆ.

ತಮ್ಮ ಕೊಟ್ಟ ದೂರಿನಲ್ಲಿ ಅಣ್ಣ ಆರೋಪಿ. ಅಡ್ಡಗಟ್ಟಿದ್ದಕ್ಕೆ 126(2), ಬೈದದ್ದಕ್ಕೆ, ಬೆದರಿಸಿದ್ದಕ್ಕೆ ಅವೇ ಕಲಂಗಳು, ಜೊತೆಗೆ 117(2). ಹಲ್ಲು ಮುರಿದರೆ, ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ‘ತೀವ್ರ ಗಾಯ’. ಶಿಕ್ಷೆ ಏಳು ವರ್ಷದವರೆಗೆ, ಜೊತೆಗೆ ದಂಡ. ಅನುಸೂಚಿಯಲ್ಲಿ ಮಾತ್ರ ಜಾಮೀನೀಯ! ಮೂರು ವರ್ಷದ ಗರಿಷ್ಠ ಶಿಕ್ಷೆಯವನು ಜಾಮೀನಿಗೆ ಅರ್ಜಿ ಹಾಕಿಕೊಂಡು ಕೋರ್ಟಿನಲ್ಲಿ ಕಾಯಬೇಕು, ಏಳು ವರ್ಷದವನು ಠಾಣೆಯಿಂದಲೇ ಮನೆಗೆ ಹೋಗಬಹುದು. ಕುಡುಗೋಲು ಎತ್ತಿದ ಕೈಗೂ ಬರಿಗೈಗೂ ಇರುವ ವ್ಯತ್ಯಾಸದ ಮೇಲೆ ಕಾನೂನು ಕಣ್ಣಿಟ್ಟಿದೆ ಎಂದು ಹೇಳಬಹುದು. ಆದರೂ ಶಿಕ್ಷೆಯ ಪ್ರಮಾಣ ನೋಡಿ ಜಾಮೀನು ಊಹಿಸಲು ಹೋದವರು ಇಲ್ಲಿ ಎಡವುತ್ತಾರೆ.

ಮೊದಲು ಅಣ್ಣನ ದಾರಿ ನೋಡೋಣ. ಜಾಮೀನೀಯ ಅಪರಾಧದಲ್ಲಿ ವಾರಂಟ್ ಇಲ್ಲದೆ ಬಂಧಿಸಿದರೆ, ನಿನಗೆ ಜಾಮೀನಿನ ಹಕ್ಕಿದೆ, ಜಾಮೀನುದಾರರನ್ನು ಕರೆಸಿಕೊಳ್ಳಬಹುದು ಎಂದು ಆರೋಪಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ಅವನು ಜಾಮೀನು ಕೊಡಲು ಸಿದ್ಧನಿದ್ದರೆ ಸಾಕು, ಠಾಣಾಧಿಕಾರಿ ಬಿಡಲೇಬೇಕು. ಇದನ್ನೇ ಆಡುಮಾತಿನಲ್ಲಿ ಸ್ಟೇಷನ್ ಬೇಲ್ ಅನ್ನುವುದು. ಬಿಡಬೇಕೋ ಬೇಡವೋ ಎಂದು ಯೋಚಿಸುವ ಅಧಿಕಾರ ಸಾಹೇಬರಿಗಿಲ್ಲ. ‘ಸಾಹೇಬರು ದಯೆ ತೋರಿಸಿ ಬಿಟ್ಟರು’ ಎಂದು ಊರಿನಲ್ಲಿ ಹೇಳಿಕೊಳ್ಳುವ ಮಾತಿಗೆ ಇಲ್ಲಿ ಆಧಾರವಿಲ್ಲ. ಅದಕ್ಕಾಗಿ ಯಾರಾದರೂ ಕವರು ಕೇಳಿದರೆ ಅದು ಲಂಚ, ಫೀಸಲ್ಲ. ಜಾಮೀನೀಯ ಅಪರಾಧದಲ್ಲಿ ಜಾಮೀನು ಪ್ರಶ್ನಾತೀತ ಹಕ್ಕು ಎಂದು ಸುಪ್ರೀಂ ಕೋರ್ಟ್ 2009ರ ರಸಿಕ್‌ಲಾಲ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಜಾಮೀನು ಎಂದರೆ ಹಣ ಕಟ್ಟುವುದು ಎಂಬ ತಪ್ಪು ತಿಳಿವಳಿಕೆಯೂ ವ್ಯಾಪಕ. ‘ಐವತ್ತು ಸಾವಿರದ ಬಾಂಡ್, ಒಬ್ಬರ ಶ್ಯೂರಿಟಿ’ ಎಂದು ಆದೇಶವಾದರೆ ಯಾರೂ ಕೌಂಟರಿನಲ್ಲಿ ಐವತ್ತು ಸಾವಿರ ಎಣಿಸಿ ಕೊಡಬೇಕಾಗಿಲ್ಲ. ಕರೆದ ದಿನ ಹಾಜರಾಗುತ್ತೇನೆ, ತಪ್ಪಿದರೆ ಇಷ್ಟು ಹಣ ತೆರುತ್ತೇನೆ ಎಂದು ಆರೋಪಿ ಮುಚ್ಚಳಿಕೆ ಬರೆದುಕೊಡುತ್ತಾನೆ. ಅವನು ಬಾರದೇ ಹೋದರೆ ಆ ಹಣಕ್ಕೆ ನಾನು ಹೊಣೆ ಎಂದು ಜಾಮೀನುದಾರ ಸಹಿ ಹಾಕುತ್ತಾನೆ. ಅಷ್ಟು ಆಸ್ತಿ ತನಗಿದೆ ಎಂದು ತೋರಿಸಲು ನಮ್ಮ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಪಹಣಿ ಹಾಜರುಪಡಿಸುತ್ತಾರೆ. ಆರೋಪಿ ತಪ್ಪಿಸಿಕೊಂಡರೆ ಮಾತ್ರ ಹಣದ ಪ್ರಶ್ನೆ ಏಳುತ್ತದೆ.

ಜಾಮೀನುದಾರ ಸಿಗದ ಬಡವನ ಗತಿಯೇನು? ಜಾಮೀನೀಯ ಅಪರಾಧವಾದರೆ ಅವನದೇ ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕು. ಬಂಧನವಾಗಿ ಒಂದು ವಾರವಾದರೂ ಜಾಮೀನು ಒದಗಿಸಲಾಗದಿದ್ದರೆ ಅವನನ್ನು ಬಡವನೆಂದೇ ಭಾವಿಸಬೇಕು ಎಂದು ಕಾನೂನಿನಲ್ಲೇ ಇದೆ. ಆ ಒಂದು ವಾರ ಅವನು ಒಳಗಿರಬೇಕು ಎಂದು ಇದಕ್ಕೆ ಅರ್ಥವಲ್ಲ, ಬಡತನಕ್ಕೆ ಬೇರೆ ಪುರಾವೆ ಇದ್ದರೆ ಮೊದಲ ದಿನವೇ ಬಿಡಬಹುದು. ಜಾಮೀನಿನ ಮೊತ್ತ ಅತಿಯಾಗಿರಬಾರದು ಎಂಬ ನಿಯಮವೂ ಇದೆ. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸಗಾರನ ಪ್ರಕರಣ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಮುಂದೆ ಬಂತು. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು ಅವನಿಗೆ ಹತ್ತು ಸಾವಿರದ ಶ್ಯೂರಿಟಿ ಕೇಳಿದ್ದರು. ತಮ್ಮನೊಬ್ಬ ಮುಂದೆ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿದ್ದರು. ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡುವಂತೆ ಸುಪ್ರೀಂ ಕೋರ್ಟ್ ಹೇಳಿತು. ಅದಾಗಿ ನಾಲ್ಕೂವರೆ ದಶಕ ಕಳೆದರೂ, ಜಾಮೀನು ಸಿಕ್ಕಿ ಜಾಮೀನುದಾರ ಸಿಗದೆ ಜೈಲಿನಲ್ಲೇ ಉಳಿಯುವವರು ಇದ್ದೇ ಇದ್ದಾರೆ.

ಇನ್ನು ಕುಡುಗೋಲು ಬೀಸಿದ ತಮ್ಮ. ಅವನದು ಜಾಮೀನುರಹಿತ ಅಪರಾಧ. ಹಾಗೆಂದ ಮಾತ್ರಕ್ಕೆ ಅವನನ್ನು ಬಂಧಿಸಲೇಬೇಕು ಎಂದೇನಿಲ್ಲ. ಜಾಮೀನುರಹಿತ ಎಂಬುದು ಬಂಧನಕ್ಕೆ ಆದೇಶವಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಬಂಧನ ಏಕೆ ಅಗತ್ಯ ಎಂದು ಪೊಲೀಸರು ಕಾರಣ ಬರೆಯಬೇಕು, ಅಗತ್ಯವಿಲ್ಲದಿದ್ದರೆ ಹಾಜರಾಗಲು ನೋಟಿಸು ಕೊಡಬೇಕು. 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಗಟ್ಟಿ ಮಾಡಿತು. ಹೊಸ ಸಂಹಿತೆಯಲ್ಲಿ ಇದು 35ನೇ ಕಲಂ. ಆದ್ದರಿಂದ ನಮ್ಮ ತಮ್ಮನಿಗೆ ಒಂದು ನೋಟಿಸಷ್ಟೇ ಸಿಕ್ಕಿ, ಅವನು ಕರೆದಾಗಲೆಲ್ಲ ಠಾಣೆಗೆ ಹೋಗಿ ಬರುತ್ತ ಮನೆಯಲ್ಲೇ ಇರುವುದು ಪೂರ್ತಿ ಸಾಧ್ಯ. ‘ಜಾಮೀನುರಹಿತ ಕೇಸು ಬಿದ್ದರೂ ಅರೆಸ್ಟ್ ಮಾಡಿಲ್ಲ’ ಎಂದು ಠಾಣೆಯ ಮುಂದೆ ಧರಣಿ ಕೂರುವವರಿಗೆ ಈ ನೋಟಿಸಿನ ವಿಷಯ ಎಷ್ಟೋ ಸಲ ತಿಳಿದಿರುವುದಿಲ್ಲ.

ಬಂಧಿಸಿದರು ಎಂದೇ ಇಟ್ಟುಕೊಳ್ಳಿ. ಪ್ರಯಾಣದ ಹೊತ್ತು ಬಿಟ್ಟು ಇಪ್ಪತ್ನಾಲ್ಕು ಗಂಟೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಣ್ಣನ ವಿಷಯದಲ್ಲಿ ಜಾಮೀನು ಹಕ್ಕಾಗಿತ್ತು, ಇಲ್ಲಿ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಇಡೀ ವ್ಯತ್ಯಾಸ ಇರುವುದು ಇಲ್ಲೇ. ವಕೀಲರು ಅರ್ಜಿ ಹಾಕುತ್ತಾರೆ, ಸರ್ಕಾರಿ ವಕೀಲರು ತಕರಾರು ಸಲ್ಲಿಸುತ್ತಾರೆ. ಗಾಯ ಎಂಥದ್ದು, ಆರೋಪಿಗೆ ಸ್ವಂತ ಮನೆ ಹೊಲ ಇದೆಯೇ ಇಲ್ಲಾ ಓಡಿಹೋಗುವವನೇ, ಹೊರಗೆ ಬಂದರೆ ಸಾಕ್ಷಿಗಳನ್ನು ಹೆದರಿಸುವನೇ, ಹಿಂದೆ ಇಂಥ ಕೇಸು ಇದ್ದವೇ ಎಂಬುದನ್ನು ನ್ಯಾಯಾಧೀಶರು ನೋಡುತ್ತಾರೆ. ಮೂರು ಹೊಲಿಗೆಯ ಗಾಯ, ಕುಡುಗೋಲು ಪೊಲೀಸರ ವಶದಲ್ಲಿದೆ, ಗಾಯಾಳು ಆಸ್ಪತ್ರೆಯಿಂದ ಅಂದೇ ಮನೆಗೆ ಹೋಗಿದ್ದಾನೆ, ಆರೋಪಿಗೆ ಹಿಂದಿನ ಕೇಸುಗಳಿಲ್ಲ. ಇಷ್ಟಿದ್ದರೆ ಜಾಮೀನು ನಿರಾಕರಿಸಲು ಹೆಚ್ಚಿನ ಕಾರಣ ಉಳಿಯುವುದಿಲ್ಲ. ‘ದೂರುದಾರರ ಹೊಲದ ಕಡೆ ಸುಳಿಯಬಾರದು, ಸಾಕ್ಷಿಗಳನ್ನು ಮಾತಾಡಿಸಬಾರದು’ ಎಂಬಂಥ ಷರತ್ತು ಹಾಕಿ ಬಿಡಬಹುದು. ಮ್ಯಾಜಿಸ್ಟ್ರೇಟರು ಒಪ್ಪದಿದ್ದರೆ ಸೆಷನ್ಸ್ ನ್ಯಾಯಾಲಯ, ಅಲ್ಲೂ ಆಗದಿದ್ದರೆ ಹೈಕೋರ್ಟು.

ಆದರೆ ಕೊಲೆ, ಅತ್ಯಾಚಾರದಂಥ ಪ್ರಕರಣಗಳು ಬಂದಾಗ ಮ್ಯಾಜಿಸ್ಟ್ರೇಟರ ಕೈ ಬಹುಮಟ್ಟಿಗೆ ಕಟ್ಟಿದಂತೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧ ಮಾಡಿದ್ದಾನೆಂದು ನಂಬಲು ಆಧಾರವಿದ್ದರೆ ಅವರು ಸಾಮಾನ್ಯವಾಗಿ ಜಾಮೀನು ಕೊಡುವಂತಿಲ್ಲ. ಮಕ್ಕಳು, ಮಹಿಳೆಯರು, ಕಾಯಿಲೆಯವರು, ಅಶಕ್ತರು ಇದಕ್ಕೆ ಅಪವಾದವಾಗಬಹುದು. ಮಾದಕವಸ್ತು ಕಾಯ್ದೆಯಲ್ಲಿ ವಾಣಿಜ್ಯ ಪ್ರಮಾಣದ ಮಾಲು ಸಿಕ್ಕಿದ್ದರೆ, ಹಣ ಅಕ್ರಮ ವರ್ಗಾವಣೆಯ ಪಿಎಂಎಲ್‌ಎ ಅಥವಾ ಭಯೋತ್ಪಾದನೆಯ ಯುಎಪಿಎ ಬಿದ್ದಿದ್ದರೆ ದಾರಿ ಇನ್ನೂ ಕಡಿದು. ಮಾದಕವಸ್ತು ಮತ್ತು ಪಿಎಂಎಲ್‌ಎ ಪ್ರಕರಣಗಳಲ್ಲಿ ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣಗಳಿವೆ ಎಂಬುದು ಜಾಮೀನಿನ ಹಂತದಲ್ಲೇ ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಬದುವಿನ ಜಗಳದ ಗೀರಿಗೂ ಯುಎಪಿಎಗೂ ಸುದ್ದಿಯಲ್ಲಿ ಬಳಕೆಯಾಗುವುದು ‘ಜಾಮೀನುರಹಿತ’ ಎಂಬ ಒಂದೇ ವಿಶೇಷಣ. ಕಲಂ ಸಂಖ್ಯೆ ಇಲ್ಲದೆ ಬರೀ ಅಷ್ಟನ್ನೇ ಅಚ್ಚು ಹಾಕುವ ವರದಿ ಓದುಗನಿಗೆ ಹೆಚ್ಚೇನೂ ತಿಳಿಸುವುದಿಲ್ಲ ಎಂಬುದು ನನ್ನ ತಕರಾರು.

ಜಾಮೀನುರಹಿತ ಪ್ರಕರಣದಲ್ಲೂ ಜಾಮೀನು ಹಕ್ಕಾಗಿ ಬದಲಾಗುವ ಒಂದು ಸಂದರ್ಭವುಂಟು. ನಿಗದಿತ ದಿನದೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ, ಒಳಗಿರುವ ಆರೋಪಿ ಜಾಮೀನು ಕೇಳಿದಾಗ ಬಿಡಲೇಬೇಕು. ಗಂಭೀರ ಅಪರಾಧಗಳಿಗೆ ಇದು ತೊಂಬತ್ತು ದಿನ, ಉಳಿದವಕ್ಕೆ ಅರವತ್ತು. ದೊಡ್ಡ ಕೇಸೊಂದರ ಆರೋಪಿ ಮೂರು ತಿಂಗಳು ಕಳೆದ ಕೂಡಲೇ ಹೊರಬಂದ ಸುದ್ದಿ ಓದಿದರೆ, ಪಟ್ಟಿ ಸಲ್ಲಿಕೆಯಾಗಿತ್ತೇ ಎಂದು ಮೊದಲು ನೋಡಬೇಕು.

ಎಫ್‌ಐಆರ್‌ನಲ್ಲಿ ಬರೆದ ಕಲಂ ಕೊನೆಯವರೆಗೂ ಹಾಗೇ ಇರುತ್ತದೆ ಎಂದು ತಿಳಿಯುವಂತಿಲ್ಲ. ಅದು ದೂರುದಾರ ಹೇಳಿದ್ದನ್ನು ಕೇಳಿ ಪೊಲೀಸರು ಅಂದಿನ ಮಟ್ಟಿಗೆ ಹಾಕಿದ ಕಲಂ ಅಷ್ಟೇ. ಆಸ್ಪತ್ರೆಯಿಂದ ಗಾಯದ ಪ್ರಮಾಣಪತ್ರ ಬಂದ ಮೇಲೆ ಚಿತ್ರ ಬದಲಾಗಬಹುದು. ಅಣ್ಣನ ಮುಂಗೈ ಎಕ್ಸ್‌ರೇಯಲ್ಲಿ ಮೂಳೆಯೂ ತುಂಡಾಗಿದೆ ಎಂದು ಕಂಡರೆ 118(1) ಹೋಗಿ 118(2) ಬರುತ್ತದೆ. ಅದಕ್ಕೆ ಜೀವಾವಧಿಯವರೆಗೂ ಶಿಕ್ಷೆಯುಂಟು. ಮೊದಲೇ ಜಾಮೀನು ಪಡೆದು ಮನೆಯಲ್ಲಿದ್ದ ತಮ್ಮ ಆಗ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು. ಹೊಸದಾಗಿ ಗಂಭೀರ ಕಲಂ ಸೇರಿದಾಗ ಆರೋಪಿ ಶರಣಾಗಿ ಆ ಕಲಮಿಗೂ ಜಾಮೀನು ಕೇಳಬಹುದು, ಅವನನ್ನು ಬಂಧಿಸಬೇಕಿದ್ದರೆ ಪೊಲೀಸರು ಕೋರ್ಟಿನ ಆದೇಶ ಪಡೆಯಬೇಕು ಎಂದು 2019ರಲ್ಲಿ ಪ್ರದೀಪ್ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ತದ್ವಿರುದ್ಧವೂ ನಡೆಯುತ್ತದೆ. ಕುಡುಗೋಲಿನ ಗಾಯವೇ ಅಲ್ಲ, ಬಿದ್ದಾಗ ಕಲ್ಲು ತರಚಿದ್ದು ಎಂದು ತನಿಖೆಯಲ್ಲಿ ಗೊತ್ತಾದರೆ 118(1) ಬಿಟ್ಟುಹೋಗಿ ಪ್ರಕರಣ ಜಾಮೀನೀಯವಾಗುತ್ತದೆ.

ಇಂಥ ಬದಲಾವಣೆಗೆ ದೇಶವೇ ನೋಡಿದ ಉದಾಹರಣೆ ನಟ ಸಲ್ಮಾನ್ ಖಾನ್ ಅವರದು. 2002ರ ಸೆಪ್ಟೆಂಬರಿನಲ್ಲಿ ಮುಂಬೈಯ ಬಾಂದ್ರಾದಲ್ಲಿ ಕಾರು ಫುಟ್‌ಪಾತಿನ ಮೇಲೆ ಮಲಗಿದ್ದವರ ಮೇಲೆ ಹರಿದು ಒಬ್ಬರು ಸತ್ತರು. ಮೊದಲು ಬಿದ್ದದ್ದು ನಿರ್ಲಕ್ಷ್ಯದ ಸಾವಿನ ಹಳೆಯ 304ಎ ಕಲಂ. ಅದು ಜಾಮೀನೀಯ, ಅವರು ಕೂಡಲೇ ಹೊರಬಂದರು. ಮುಂದಿನ ತಿಂಗಳು ಕೊಲೆಯಲ್ಲದ ನರಹತ್ಯೆಯ ಕಲಂ ಸೇರಿದಾಗ ಪ್ರಕರಣ ಜಾಮೀನುರಹಿತವಾಗಿ ಅವರು ಮತ್ತೆ ಒಳಗೆ ಹೋದರು. 2015ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಅವರನ್ನು ಖುಲಾಸೆ ಮಾಡಿತು. ಘಟನೆ ಒಂದೇ ಆಗಿದ್ದರೂ ಅದನ್ನು ಯಾವ ಕಲಮಿನಡಿ ಇಟ್ಟರು ಎಂಬುದರ ಮೇಲೆ ಜಾಮೀನಿನ ದಾರಿ ಬದಲಾಯಿತು. ತಪ್ಪು ಮಾಡಿದ್ದಾರೋ ಇಲ್ಲವೋ ಎಂಬುದು ತೀರ್ಮಾನವಾದದ್ದು ಹದಿಮೂರು ವರ್ಷದ ಮೇಲೆ.

ಕಲಂ ಹೀಗೆ ಏರಬಹುದು ಎಂಬ ಭಯದಿಂದಲೇ ಜನ ನಿರೀಕ್ಷಣಾ ಜಾಮೀನಿಗೆ ಓಡುವುದು. ಅದು ಸಿಗುವುದು ಜಾಮೀನುರಹಿತ ಅಪರಾಧದಲ್ಲಿ ಬಂಧನವಾದೀತು ಎಂಬ ಭೀತಿಗೆ ಕಾರಣವಿದ್ದರೆ ಮಾತ್ರ. ಅಣ್ಣನ ಮೇಲೆ ಈಗಿರುವ ಕಲಂಗಳಿಗೆ ನಿರೀಕ್ಷಣಾ ಜಾಮೀನಿನ ಅರ್ಜಿಯೇ ನಿಲ್ಲುವುದಿಲ್ಲ, ಠಾಣೆಯಲ್ಲೇ ಹಕ್ಕಾಗಿ ಸಿಗುವುದಕ್ಕೆ ಸೆಷನ್ಸ್ ಕೋರ್ಟಿನವರೆಗೆ ಹೋಗಿ ವಕೀಲರಿಗೆ ಫೀಸು ತೆರುವುದು ದಂಡ. ತಮ್ಮ ಮಾತ್ರ ಹಾಕಬಹುದು.

ಕೊನೆಯದಾಗಿ ವಾರಂಟಿನ ಗೊಂದಲ. ‘ಚೆಕ್ ಬೌನ್ಸ್: ಉದ್ಯಮಿಗೆ ಜಾಮೀನುರಹಿತ ವಾರಂಟ್’ ಎಂಬ ತಲೆಬರಹ ನೋಡಿ ಚೆಕ್ ಬೌನ್ಸ್ ಜಾಮೀನುರಹಿತ ಅಪರಾಧ ಎಂದು ಅನೇಕರು ನಂಬಿದ್ದಾರೆ. ಅದು ಜಾಮೀನೀಯ ಅಪರಾಧ. ವಾರಂಟು ಹೊರಟಿರುವುದು ಆತ ಕರೆದಾಗ ಕೋರ್ಟಿಗೆ ಬರಲಿಲ್ಲ ಎಂಬ ಕಾರಣಕ್ಕೆ. ಸಾಮಾನ್ಯವಾಗಿ ಮೊದಲು ಸಮನ್ಸ್, ಆಮೇಲೆ ಜಾಮೀನು ಸಹಿತ ವಾರಂಟ್, ಆಗಲೂ ಬಾರದಿದ್ದರೆ ಜಾಮೀನುರಹಿತ ವಾರಂಟ್. ಜಾಮೀನು ಸಹಿತ ವಾರಂಟಿನ ಮೇಲೆ ಇಷ್ಟು ಮೊತ್ತದ ಜಾಮೀನು ಕೊಟ್ಟರೆ ಬಿಟ್ಟುಬಿಡಿ ಎಂದು ಬರೆದಿರುತ್ತದೆ. ಜಾಮೀನುರಹಿತ ವಾರಂಟಿನ ಮೇಲೆ ಹಾಗೆ ಬರೆದಿರುವುದಿಲ್ಲ, ಪೊಲೀಸರು ಹಿಡಿದು ನೇರ ಕೋರ್ಟಿಗೇ ತರಬೇಕು. ಹಾಗೆ ಬಂದವನು ವಾರಂಟು ರದ್ದುಪಡಿಸುವಂತೆ ವಕೀಲರ ಮೂಲಕ ಅರ್ಜಿ ಹಾಕಿ, ಗೈರುಹಾಜರಿಗೆ ಕಾರಣ ಹೇಳಿ, ಬಹಳ ಸಲ ದಂಡ ಕಟ್ಟಿ ಅಂದೇ ಮನೆಗೆ ಹೋಗುತ್ತಾನೆ. ಆದರೆ ಇದು ಪ್ರತಿ ಸಲವೂ ಸುಲಭವೆಂದು ನಂಬುವಂತಿಲ್ಲ. ಹಿಂದೆ ಕೊಟ್ಟ ಮುಚ್ಚಳಿಕೆಯಂತೆ ಹಾಜರಾಗದವನು ಅದೇ ಪ್ರಕರಣದಲ್ಲಿ ಮತ್ತೆ ಜಾಮೀನು ಕೇಳಿದರೆ, ಅಪರಾಧ ಜಾಮೀನೀಯವೇ ಆಗಿದ್ದರೂ ಕೊಡುವುದಿಲ್ಲ ಎನ್ನುವ ಅಧಿಕಾರ ಕೋರ್ಟಿಗಿದೆ. ಬದುವಿನ ಜಗಳದಲ್ಲಿ ಅಷ್ಟು ಸಲೀಸಾಗಿ ಠಾಣೆಯಿಂದ ಮನೆಗೆ ಹೋದ ಅಣ್ಣ, ಇನ್ನು ಕೋರ್ಟಿಗೆ ಹೋಗದಿದ್ದರೂ ನಡೆದೀತು ಎಂದು ಎರಡು ಮೂರು ವಾಯಿದೆ ತಪ್ಪಿಸಿದರೆ ಹಕ್ಕಾಗಿ ಸಿಕ್ಕ ಜಾಮೀನನ್ನು ತಾನೇ ಕೈಯಾರೆ ಕಳೆದುಕೊಳ್ಳಬಹುದು.